ಒಂದು ಕಿಲೋ ರಾಗಿ ದೋಸೆ ಹಿಟ್ಟಿಗೆ ಮೈಸೂರಿನಲ್ಲಿ ಎಷ್ಟು ಮಾರುಕಟ್ಟೆ?

(ನಿರ್ವಹಣಾಶಾಸ್ತ್ರದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ನಿಮಗೆ ಕೊಟ್ಟಿರುವ ಅಸೈನ್‌ಮೆಂಟ್‌ನಲ್ಲಿ ಒಂದು ಸಾಲು ಇದೆ: ಹೊಸ ಉತ್ಪನ್ನವೊಂದನ್ನು ಆರಿಸಿಕೊಂಡು, ಅದರ ಮಾರುಕಟ್ಟೆ ಸಾಮರ್ಥ್ಯವನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಅಂದಾಜು ಮಾಡಿ. ಪ್ರತಿ ವರ್ಷ ನನ್ನ ಕೈಗೆ ಬರುವ ವರದಿಗಳಲ್ಲಿ ಹೆಚ್ಚಿನವು ಈ ಎರಡೂ ಲೆಕ್ಕಗಳನ್ನು ಮಾಡಿರುತ್ತವೆ. ವಿಚಿತ್ರವೆಂದರೆ ಎರಡರ ಉತ್ತರವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಒಂದು ಕಡೆ 4.6 ಕೋಟಿ ಬಂದರೆ ಇನ್ನೊಂದು ಕಡೆ 4.5 ಕೋಟಿ. ಹೀಗೆ ಹೊಂದಿಕೊಂಡ ವರದಿಯನ್ನು ಕಂಡ ಕೂಡಲೇ ನನಗೆ ಅನುಮಾನ ಬರುತ್ತದೆ. ಪ್ರಾಮಾಣಿಕವಾಗಿ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದ ಎರಡು ಲೆಕ್ಕಗಳು ಮೊದಲ ಸಲಕ್ಕೆ ಕೂಡುವುದು ಬಹಳ ಅಪರೂಪ. ಅವುಗಳ ನಡುವೆ ಬೀಳುವ ಅಂತರವೇ ಈ ಅಸೈನ್‌ಮೆಂಟ್‌ನ ನಿಜವಾದ ಫಲ. ಇವತ್ತು ನಾನು ಮಾತನಾಡುವುದು ಆ ಅಂತರದ ಬಗ್ಗೆ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಉತ್ಪನ್ನ: ರಾಗಿ ಬೆರೆಸಿ ರುಬ್ಬಿದ ದೋಸೆ ಹಿಟ್ಟು, ಒಂದು ಕಿಲೋ ಪೊಟ್ಟಣ, ಗ್ರಾಹಕರಿಗೆ 90 ರೂಪಾಯಿ. ಊರು: ಮೈಸೂರು. ಅವಧಿ: ಒಂದು ವರ್ಷ. ಈ ನಾಲ್ಕನ್ನೂ ಹೇಳದೆ ಮಾರುಕಟ್ಟೆ ಸಾಮರ್ಥ್ಯ ಎಂದರೆ ಏನೂ ಹೇಳಿದಂತಾಗುವುದಿಲ್ಲ. 90 ರೂಪಾಯಿಗೆ ಒಂದು ಸಾಮರ್ಥ್ಯವಿದ್ದರೆ 60 ರೂಪಾಯಿಗೆ ಇನ್ನೊಂದಿರುತ್ತದೆ. ಈಗ ಮನೆಯಲ್ಲೇ ರುಬ್ಬುವವರು ಮುಂದಿನ ಐದು ವರ್ಷಗಳಲ್ಲಿ ಕೊಳ್ಳುವವರಾಗಬಹುದು, ಆದರೆ ನಮ್ಮ ಅವಧಿ ಒಂದು ವರ್ಷವಾದ್ದರಿಂದ ಅವರನ್ನು ಲೆಕ್ಕದಿಂದ ಹೊರಗಿಡುತ್ತೇವೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇಂತಹ ಸರ್ಕಾರಿ ಮೂಲದಿಂದ ಬಂದದ್ದು ಎಂದು ನಾನು ಹೇಳುವ ಸಂಖ್ಯೆಗಳನ್ನು ಬಿಟ್ಟರೆ ಉಳಿದವೆಲ್ಲ ಲೆಕ್ಕ ತೋರಿಸುವುದಕ್ಕಾಗಿ ನಾನು ಹಿಡಿದವು. ನೀವು ನಿಮ್ಮ ವರದಿಯಲ್ಲಿ ಅವುಗಳ ಜಾಗದಲ್ಲಿ ಸ್ವತಃ ಎಣಿಸಿದ್ದನ್ನು ಇಡಬೇಕು.

ಮೇಲಿನಿಂದ ಇಳಿಯುವಾಗ ಹೆಚ್ಚಿನವರು ಮಾಡುವುದು ಹೀಗೆ. ಕೇಂದ್ರ ಸರ್ಕಾರದ ಗೃಹ ಬಳಕೆ ವೆಚ್ಚ ಸಮೀಕ್ಷೆ, 2022-23ರದು, ಅಂತರ್ಜಾಲದಲ್ಲಿ ಸಿಗುತ್ತದೆ. ಅದರ ಪ್ರಕಾರ ಕರ್ನಾಟಕದ ನಗರವಾಸಿಯೊಬ್ಬರ ಸರಾಸರಿ ತಿಂಗಳ ವೆಚ್ಚ 7,666 ರೂಪಾಯಿ. ಅದೇ ಸಮೀಕ್ಷೆಯಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ಆಹಾರ ಎಂಬ ಬಾಬಿಗೆ ದೇಶದ ನಗರಗಳಲ್ಲಿ ಶೇಕಡಾ 10.64 ಹೋಗುತ್ತದೆ. ಎರಡನ್ನೂ ಗುಣಿಸಿದರೆ ತಲೆಗೆ ತಿಂಗಳಿಗೆ ಸುಮಾರು 816 ರೂಪಾಯಿ. ಮೈಸೂರಿನ ಜನಸಂಖ್ಯೆ 11 ಲಕ್ಷ ಎಂದು ಹಿಡಿದರೆ ವರ್ಷಕ್ಕೆ ಸುಮಾರು 1,077 ಕೋಟಿ. ಆಮೇಲೆ ಬರುತ್ತದೆ ಆ ಪ್ರಸಿದ್ಧ ವಾಕ್ಯ: ‘ಇದರಲ್ಲಿ ಕೇವಲ ಶೇಕಡಾ ಒಂದು ಭಾಗ ನಮಗೆ ಸಿಕ್ಕರೂ 10.8 ಕೋಟಿ.’

ಈ ‘ಕೇವಲ ಶೇಕಡಾ ಒಂದು’ ಎಂಬುದು ನೋಡುವುದಕ್ಕೆ ವಿನಯದಂತೆ ಕಾಣುತ್ತದೆ. ಅದನ್ನು ಪೊಟ್ಟಣಗಳಿಗೆ ಇಳಿಸಿ ನೋಡಿ. 10.8 ಕೋಟಿಯನ್ನು 90ರಿಂದ ಭಾಗಿಸಿದರೆ ವರ್ಷಕ್ಕೆ 12 ಲಕ್ಷ ಕಿಲೋ, ವಾರಕ್ಕೆ 23,000 ಕಿಲೋ. ಮೈಸೂರಿನ ಅಂಗಡಿಗಳ ಫ್ರಿಜ್‌ಗಳಲ್ಲಿ ಎಲ್ಲ ಬ್ರಾಂಡ್‌ಗಳ, ಎಲ್ಲ ಬಗೆಯ ದೋಸೆ ಹಿಟ್ಟೂ ಸೇರಿ ವಾರಕ್ಕೆ ಅಷ್ಟು ಮಾರಾಟವಾಗುತ್ತದೆಯೇ? ಈ ಪ್ರಶ್ನೆಯನ್ನು ನೆನಪಿಡಿ, ಸ್ವಲ್ಪ ಹೊತ್ತಿನಲ್ಲಿ ಉತ್ತರ ಸಿಗುತ್ತದೆ.

ಇಲ್ಲಿ ಎಡವಿದ್ದು ಎಲ್ಲಿ? ಆ ಬಾಬಿನಲ್ಲಿ ಏನೇನು ಸೇರಿದೆ ಎಂದು ಯಾರೂ ತೆಗೆದು ನೋಡಿಲ್ಲ. ಹೋಟೆಲಿನಲ್ಲಿ ಕುಡಿದ ಕಾಫಿ, ಹೊರಗೆ ಮಾಡಿದ ಊಟ, ಬಿಸ್ಕತ್ತು, ಚಿಪ್ಸ್ ಎಲ್ಲವೂ ಅದರಲ್ಲಿದೆ. ಕಾಫಿ ಕುಡಿದ ದುಡ್ಡಿನಲ್ಲಿ ಶೇಕಡಾ ಒಂದು ಭಾಗ ದೋಸೆ ಹಿಟ್ಟಿಗೆ ಬರಲು ಕಾರಣವೇ ಇಲ್ಲ. ಜೊತೆಗೆ ಇನ್ನೊಂದು ಸಣ್ಣ ಬೆರಕೆ ಇದೆ: ವೆಚ್ಚ ಕರ್ನಾಟಕದ್ದು, ಶೇಕಡಾವಾರು ಇಡೀ ದೇಶದ್ದು. ಮೂಲ ಒಂದೇ ಸಮೀಕ್ಷೆಯಾದ್ದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೇಲಿನಿಂದ ಇಳಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಇಳಿಯುವಾಗ ಮೆಟ್ಟಿಲುಗಳನ್ನು ಹಾರಬಾರದು ಎನ್ನುತ್ತಿದ್ದೇನೆ. ಸರಪಳಿ ಅನುಪಾತ ಎಂದು ನೀವು ಓದಿರುವ ವಿಧಾನ ಇದಕ್ಕಾಗಿಯೇ ಇದೆ. ಪ್ರತಿ ಮೆಟ್ಟಿಲಿನಲ್ಲೂ ಒಂದು ಪ್ರಶ್ನೆ ಕೇಳಿ, ಆ ಪ್ರಶ್ನೆಗೆ ಹೌದು ಎನ್ನುವವರನ್ನು ಮಾತ್ರ ಮುಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋಗಬೇಕು.

ಮೈಸೂರಿಗೆ ಇಳಿಯೋಣ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 9 ಲಕ್ಷ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು, ಆದ್ದರಿಂದ ನಮ್ಮ ಅಡಿಪಾಯವೇ ಹಳೆಯದು. 11 ಲಕ್ಷ ಎಂದು ಹಿಡಿದು, ಮನೆಗೆ ನಾಲ್ಕು ಜನರಂತೆ 2.75 ಲಕ್ಷ ಮನೆಗಳು ಎನ್ನೋಣ. ದೋಸೆ ಹಿಟ್ಟನ್ನು ಕೊಳ್ಳುವುದು ಮನೆಯೇ ಹೊರತು ಒಬ್ಬೊಬ್ಬ ವ್ಯಕ್ತಿಯಲ್ಲ, ಹಾಗಾಗಿ ಮೊದಲ ಮೆಟ್ಟಿಲಿನಲ್ಲೇ ತಲೆಯೆಣಿಕೆ ಬಿಟ್ಟು ಮನೆಯೆಣಿಕೆಗೆ ಬರಬೇಕು. ಇವುಗಳಲ್ಲಿ ವಾರಕ್ಕೊಮ್ಮೆಯಾದರೂ ದೋಸೆ ಅಥವಾ ಇಡ್ಲಿ ಮಾಡುವ ಮನೆಗಳು ಶೇಕಡಾ 80 ಆದರೆ 2.2 ಲಕ್ಷ. ಅವುಗಳಲ್ಲಿ ಹಿಟ್ಟನ್ನು ಹೊರಗಿನಿಂದ ತರುವವು ಶೇಕಡಾ 30 ಆದರೆ 66,000 ಮನೆಗಳು. ಪ್ರತಿ ಮನೆಯೂ ವಾರಕ್ಕೆ ಒಂದು ಕಿಲೋ ಎಂದರೆ ವಾರಕ್ಕೆ 66,000 ಕಿಲೋ. ಇದು ಎಲ್ಲ ಬಗೆಯ ಹಿಟ್ಟು. ಇದರಲ್ಲಿ ರಾಗಿಗೆ ಒಪ್ಪುವವರು ಶೇಕಡಾ 15 ಎಂದು ಪ್ರಶ್ನಾವಳಿ ಹೇಳಿದರೆ ವಾರಕ್ಕೆ 9,900 ಕಿಲೋ, ವರ್ಷಕ್ಕೆ ಸುಮಾರು 4.6 ಕೋಟಿ ರೂಪಾಯಿ.

ಹತ್ತೂ ಮುಕ್ಕಾಲು ಕೋಟಿಯಿಂದ ನಾಲ್ಕೂವರೆ ಕೋಟಿಗೆ ಇಳಿದೆವು. ಇದು ಮೊದಲಿನದಕ್ಕಿಂತ ಎಷ್ಟೋ ಒಳ್ಳೆಯ ಲೆಕ್ಕ. ಏಕೆಂದರೆ ಪ್ರತಿ ಮೆಟ್ಟಿಲನ್ನೂ ಬೆರಳಿಟ್ಟು ಪ್ರಶ್ನಿಸಬಹುದು. ಶೇಕಡಾ 30 ಎಲ್ಲಿಂದ ಬಂತು ಎಂದು ನಾನು ಕೇಳಬಹುದು, ನೀವು ಉತ್ತರಿಸಬಹುದು.

ಈಗ ಈ ಹಾಳೆಯನ್ನು ಮಡಚಿಡಿ. ಅಕ್ಷರಶಃ ಮಡಚಿಡಿ ಎನ್ನುತ್ತಿದ್ದೇನೆ. ತಂಡದಲ್ಲಿ ನಾಲ್ವರಿದ್ದರೆ ಇಬ್ಬರು ಮೇಲಿನ ಲೆಕ್ಕ ಮಾಡಲಿ, ಇನ್ನಿಬ್ಬರು ಅದನ್ನು ನೋಡದೆ ಕೆಳಗಿನಿಂದ ಹತ್ತಲಿ. 4.6 ಕೋಟಿ ಎಂಬ ಸಂಖ್ಯೆ ಒಮ್ಮೆ ಕಿವಿಗೆ ಬಿದ್ದರೆ ಅಂಗಡಿಯಲ್ಲಿ ನಿಂತು ಎಣಿಸುವ ಕಣ್ಣೂ ಅದರ ಕಡೆಗೇ ವಾಲುತ್ತದೆ.

ಕೆಳಗಿನ ಲೆಕ್ಕ ಶುರುವಾಗುವುದು ಅಂಗಡಿಯ ಫ್ರಿಜ್ ಮುಂದೆ. ಹೆಚ್ಚಿನವರು ಅಂಗಡಿಗೆ ಹೋಗಿ ‘ದಿನಕ್ಕೆ ಎಷ್ಟು ಪ್ಯಾಕೆಟ್ ಹೋಗುತ್ತದೆ ಅಣ್ಣ?’ ಎಂದು ಕೇಳುತ್ತಾರೆ. ಅವರು ‘ನಲವತ್ತು ಹೋಗುತ್ತಮ್ಮ’ ಎನ್ನುತ್ತಾರೆ. ಅದನ್ನು ಬರೆದುಕೊಂಡು, ಏಳರಿಂದ ಗುಣಿಸಿ, ವಾರಕ್ಕೆ 280 ಎಂದು ಬಂದುಬಿಡುತ್ತೀರಿ. ಅಂಗಡಿಯವರು ಸುಳ್ಳು ಹೇಳಿಲ್ಲ. ಅವರ ನೆನಪಿನಲ್ಲಿ ಉಳಿದಿರುವುದು ಶನಿವಾರ ಸಂಜೆ. ಭಾನುವಾರದ ತಿಂಡಿಗಾಗಿ ಜನ ಹಿಟ್ಟು ಕೊಳ್ಳುವುದು ಆಗಲೇ. ಮಂಗಳವಾರ ಅದೇ ಅಂಗಡಿಯಲ್ಲಿ ಹತ್ತು ಹೋದರೂ ಹೆಚ್ಚು.

ಆದ್ದರಿಂದ ಕೇಳುವುದಕ್ಕಿಂತ ಎಣಿಸುವುದು ಮೇಲು. ಬೆಳಿಗ್ಗೆ ಫ್ರಿಜ್‌ನಲ್ಲಿರುವ ಪೊಟ್ಟಣಗಳನ್ನು ಎಣಿಸಿ, ಅಂದು ವ್ಯಾನಿನಿಂದ ಇಳಿದ ಪೊಟ್ಟಣಗಳನ್ನು ಕೂಡಿಸಿ. ರಾತ್ರಿ ಉಳಿದವನ್ನೂ, ಕಂಪನಿಯವರು ವಾಪಸ್ ಒಯ್ದವನ್ನೂ ಕಳೆಯಿರಿ. ಸಿಗುವುದು ಮಾರಾಟ. ವಾಪಸ್ ಹೋದದ್ದನ್ನು ಮರೆತವರು ಬಹಳ ಜನ. ಹಿಟ್ಟು ಫ್ರಿಜ್‌ನಲ್ಲಿದ್ದರೂ ಹುದುಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಅಂಗಡಿಯವರು ರಾತ್ರಿ ಫ್ರಿಜ್ ಆರಿಸಿ ಹೋಗಿದ್ದರೆ ಬೆಳಿಗ್ಗೆ ಪೊಟ್ಟಣ ದಿಂಬಿನಂತೆ ಉಬ್ಬಿರುತ್ತದೆ, ಬೆರಳಿನಿಂದ ಒತ್ತಿದರೆ ಗಾಳಿ ಮೇಲಕ್ಕೆ ಓಡುತ್ತದೆ. ಅಂಥ ಪೊಟ್ಟಣವನ್ನು ಯಾರೂ ಕೊಳ್ಳುವುದಿಲ್ಲ. ಅದು ವ್ಯಾನಿನಲ್ಲಿ ಮರಳಿ ಹೋಗುತ್ತದೆ. ಸರಬರಾಜಾದದ್ದನ್ನೇ ಮಾರಾಟ ಎಂದು ಬರೆದುಕೊಂಡರೆ ಈ ಪೊಟ್ಟಣಗಳೆಲ್ಲ ನಿಮ್ಮ ಮಾರುಕಟ್ಟೆಯೊಳಗೆ ಸೇರಿಬಿಡುತ್ತವೆ.

ಒಂದು ಅಂಗಡಿಯ ಲೆಕ್ಕದಿಂದ ಊರಿಗೆ ಹೋಗುವುದು ಹೇಗೆ? ಮೈಸೂರು ಮಹಾನಗರ ಪಾಲಿಕೆಗೆ 65 ವಾರ್ಡ್‌ಗಳು. ಎಲ್ಲವನ್ನೂ ಸುತ್ತುವುದು ನಿಮ್ಮಿಂದ ಆಗದು, ಸುತ್ತಬೇಕಾಗಿಯೂ ಇಲ್ಲ. ಆದರೆ ಕಾಲೇಜಿನ ಪಕ್ಕದ ವಾರ್ಡ್ ಒಂದನ್ನೇ ಎಣಿಸಿ 65ರಿಂದ ಗುಣಿಸುವುದು ಸರಿಯಲ್ಲ. ಕುವೆಂಪುನಗರದ ಒಂದು ರಸ್ತೆ, ಎನ್.ಆರ್. ಮೊಹಲ್ಲಾದ ಒಂದು ರಸ್ತೆ, ಹೊರವಲಯದ ಹೊಸ ಬಡಾವಣೆಯ ಒಂದು ರಸ್ತೆ, ಮೂರೂ ಬೇರೆ ಬೇರೆ. ಮೂರು ಬಗೆಯ ವಾರ್ಡ್‌ಗಳಿಂದಲೂ ಒಂದೆರಡನ್ನು ಆರಿಸಿ, ನಡೆದು, ಫ್ರಿಜ್‌ನಲ್ಲಿ ಹಿಟ್ಟು ಇಟ್ಟಿರುವ ಅಂಗಡಿಗಳನ್ನು ಎಣಿಸಿ. ಸರಾಸರಿ ವಾರ್ಡಿಗೆ ಒಂಬತ್ತು ಅಂಗಡಿ, ಅಂಗಡಿಗೆ ವಾರಕ್ಕೆ 30 ಕಿಲೋ ಬಂತು ಎಂದುಕೊಳ್ಳೋಣ. 585 ಅಂಗಡಿಗಳಿಂದ ವಾರಕ್ಕೆ 17,550 ಕಿಲೋ.

ಮೊದಲು ನೆನಪಿಡಿ ಎಂದ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ‘ಕೇವಲ ಶೇಕಡಾ ಒಂದು’ ಎಂದವರ ರಾಗಿ ಹಿಟ್ಟು ವಾರಕ್ಕೆ 23,000 ಕಿಲೋ ಮಾರಾಟವಾಗಬೇಕಿತ್ತು. ಊರಿನ ಅಂಗಡಿಗಳಲ್ಲಿ ಎಲ್ಲ ಹಿಟ್ಟೂ ಸೇರಿ ಅಷ್ಟು ಹೋಗುತ್ತಿಲ್ಲ. ಹೋಲಿಸಿ ನೋಡಲು ಇನ್ನೊಂದು ಲೆಕ್ಕ ಇಲ್ಲದಿದ್ದರೆ ಈ ತಪ್ಪು ಹಿಡಿಯುವುದಕ್ಕೆ ದಾರಿಯೇ ಇರಲಿಲ್ಲ.

ಈಗ ಮಡಚಿಟ್ಟ ಹಾಳೆಯನ್ನು ತೆರೆಯಿರಿ. ಮೇಲಿನಿಂದ ಬಂದದ್ದು ಎಲ್ಲ ಬಗೆಯ ಹಿಟ್ಟು ವಾರಕ್ಕೆ 66,000 ಕಿಲೋ. ಕೆಳಗಿನಿಂದ ಬಂದದ್ದು 17,550. ಸುಮಾರು ನಾಲ್ಕು ಪಟ್ಟು ಅಂತರ. ಇಲ್ಲಿ ನೋಡಿ, ನಾನು ಹೋಲಿಸುತ್ತಿರುವುದು ಕಿಲೋವನ್ನು ಕಿಲೋ ಜೊತೆಗೆ, ವಾರವನ್ನು ವಾರದ ಜೊತೆಗೆ. ರೂಪಾಯಿಗೆ ಇನ್ನೂ ಹೋಗಿಲ್ಲ. ರೂಪಾಯಿಯಲ್ಲಿ ಹೋಲಿಸಿದರೆ ಗ್ರಾಹಕರ ಬೆಲೆ, ಅಂಗಡಿಯವರ ಬೆಲೆ, ನಿಮ್ಮ ಕೈಗೆ ಬರುವ ಬೆಲೆ ಎಲ್ಲವೂ ಕಲಸಿಹೋಗಿ ಅಂತರದ ಕಾರಣವೇ ತಿಳಿಯುವುದಿಲ್ಲ.

ಈ ಹಂತದಲ್ಲಿ ಎಲ್ಲರ ಕೈಯೂ ಒಂದೇ ಕಡೆಗೆ ಹೋಗುತ್ತದೆ. ಶೇಕಡಾ 30 ಇದ್ದದ್ದನ್ನು 15 ಮಾಡೋಣ, ಒಂಬತ್ತು ಅಂಗಡಿ ಇದ್ದದ್ದನ್ನು 16 ಮಾಡೋಣ, ಎರಡೂ ನಡುವೆ ಎಲ್ಲೋ ಕೂಡುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಅಂತರವನ್ನು ಸರಾಸರಿ ತೆಗೆದು ಮುಚ್ಚಿಬಿಟ್ಟರೆ ಅದು ಹೇಳಲು ಬಂದಿದ್ದ ಸುದ್ದಿ ಅಲ್ಲಿಗೇ ಸತ್ತಿತು. ಬದಲಿಗೆ ಎರಡೂ ಲೆಕ್ಕಗಳು ಒಂದೇ ವಸ್ತುವನ್ನು ಎಣಿಸಿವೆಯೇ ಎಂದು ಕೇಳಿ.

ಎಣಿಸಿಲ್ಲ. ಮೇಲಿನ ಲೆಕ್ಕದಲ್ಲಿ ನಾವು ಮನೆಯವರನ್ನು ‘ಹಿಟ್ಟನ್ನು ಹೊರಗಿನಿಂದ ತರುತ್ತೀರಾ?’ ಎಂದು ಕೇಳಿದ್ದೆವು. ಹೊರಗಿನಿಂದ ಎಂದರೆ ಫ್ರಿಜ್‌ನ ಪೊಟ್ಟಣ ಮಾತ್ರವಲ್ಲ. ನಮ್ಮ ಊರುಗಳಲ್ಲಿ ಬೀದಿಗೊಂದು ಮನೆ ಇರುತ್ತದೆ. ಬಾಗಿಲಲ್ಲಿ ‘ಇಲ್ಲಿ ದೋಸೆ ಹಿಟ್ಟು ಸಿಗುತ್ತದೆ’ ಎಂಬ ಕೈಬರಹದ ಬೋರ್ಡ್, ಒಳಗೆ ಒಂದು ದೊಡ್ಡ ಗ್ರೈಂಡರ್, ಸಂಜೆ ಹೊತ್ತಿಗೆ ಸ್ಟೀಲ್ ಡಬ್ಬಿ ಹಿಡಿದು ಬರುವ ಮಕ್ಕಳು. ಆ ಹಿಟ್ಟಿಗೆ ಬ್ರಾಂಡ್ ಇಲ್ಲ, ಬಾರ್‌ಕೋಡ್ ಇಲ್ಲ, ಯಾವ ವರದಿಯಲ್ಲೂ ಅದು ಕಾಣಿಸುವುದಿಲ್ಲ. ಅಂಗಡಿ ಎಣಿಸಲು ಹೋದವರು ಅದರ ಮುಂದೆಯೇ ನಡೆದು ಹೋಗಿರುತ್ತಾರೆ, ಏಕೆಂದರೆ ಅವರು ಫ್ರಿಜ್ ಹುಡುಕುತ್ತಿದ್ದರು.

ಅದೇ ವಾರ್ಡ್‌ಗಳಿಗೆ ಮತ್ತೆ ಹೋಗಿ ಬಿಡಿ ಹಿಟ್ಟಿನ ಜಾಗಗಳನ್ನು ಎಣಿಸಿ. ವಾರ್ಡಿಗೆ ಆರು, ಒಂದೊಂದರಲ್ಲೂ ವಾರಕ್ಕೆ 70 ಕಿಲೋ ಎಂದಾದರೆ 27,300 ಕಿಲೋ. ಪೊಟ್ಟಣದ ಹಿಟ್ಟಿನೊಂದಿಗೆ ಸೇರಿ 44,850. ಅಂತರದ ದೊಡ್ಡ ಭಾಗ ಇಲ್ಲಿತ್ತು. ಅಷ್ಟೇ ಮುಖ್ಯವಾಗಿ, ನಿಮ್ಮ ದೊಡ್ಡ ಪ್ರತಿಸ್ಪರ್ಧಿ ಫ್ರಿಜ್‌ನಲ್ಲಿರುವ ಇನ್ನೊಂದು ಬ್ರಾಂಡ್ ಅಲ್ಲ, ಆ ಗ್ರೈಂಡರ್ ಮನೆ ಎಂಬುದು ಗೊತ್ತಾಯಿತು.

ಉಳಿದದ್ದು 66,000ಕ್ಕೂ 45,000ಕ್ಕೂ ನಡುವಿನ ಅಂತರ. ಇದಕ್ಕೆ ನನ್ನ ಮೊದಲ ಸಂಶಯ ಯಾವಾಗಲೂ ‘ವಾರಕ್ಕೆ ಒಂದು ಕಿಲೋ’ ಎಂಬಂಥ ಮೆಟ್ಟಿಲಿನ ಮೇಲೆ. ‘ವಾರಕ್ಕೆ ಎಷ್ಟು ಕೊಳ್ಳುತ್ತೀರಿ?’ ಎಂದು ಕೇಳಿದರೆ ಜನ ತಮ್ಮ ರೂಢಿಯನ್ನು ಹೇಳುತ್ತಾರೆ. ಊರಿಗೆ ಹೋದ ವಾರ, ಏಕಾದಶಿ ಬಂದ ವಾರ, ಮನೆಯಲ್ಲೇ ರುಬ್ಬಿದ ವಾರ ಅವರ ಉತ್ತರದಲ್ಲಿ ಇರುವುದಿಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಿ: ‘ಕಳೆದ ಏಳು ದಿನಗಳಲ್ಲಿ ಹಿಟ್ಟು ತಂದಿರಾ? ಎಷ್ಟು?’ ಇದಕ್ಕೆ ಸಿಗುವ ಸರಾಸರಿ ಉತ್ತರ 0.7 ಕಿಲೋ ಆದರೆ ಮೇಲಿನ ಲೆಕ್ಕ 46,200 ಕಿಲೋಗೆ ಇಳಿಯುತ್ತದೆ. ಕೆಳಗಿನದು 44,850.

ಈಗ ನೀವು ಕೇಳಬಹುದು: ಇದೂ ಹೊಂದಿಸಿದ್ದೇ ಅಲ್ಲವೇ? ನ್ಯಾಯವಾದ ಪ್ರಶ್ನೆ. ವ್ಯತ್ಯಾಸ ಇಷ್ಟೇ. ಸಂಖ್ಯೆ ಬದಲಾಗಿದ್ದು ಹೊಸದಾಗಿ ಎಣಿಸಿದ್ದರಿಂದ, ಹೊಸ ಪ್ರಶ್ನೆ ಕೇಳಿದ್ದರಿಂದ. ಹೊಸ ಪ್ರಶ್ನೆಗೆ 0.9 ಎಂಬ ಉತ್ತರ ಬಂದಿದ್ದರೆ ಅಂತರ ಉಳಿಯುತ್ತಿತ್ತು. ಆಗ ಉಳಿದ ಅಂತರವನ್ನು ಹಾಗೆಯೇ ವರದಿಯಲ್ಲಿ ಬರೆಯಬೇಕಿತ್ತು. ಸಂಖ್ಯೆ ಬದಲಾದ ಪ್ರತಿ ಕಡೆಯೂ ಹಳೆಯದು ಎಷ್ಟಿತ್ತು, ಯಾಕೆ ಬದಲಾಯಿತು ಎಂದು ಒಂದೊಂದು ಸಾಲು ಬರೆಯಿರಿ. ನಾನು ಅಂಕ ಕೊಡುವುದು ಆ ಸಾಲುಗಳಿಗೆ.

ಇಲ್ಲಿಯವರೆಗೆ ಬಂದದ್ದು ಎಲ್ಲ ಹಿಟ್ಟು. ರಾಗಿಯ ಮೆಟ್ಟಿಲು ಇನ್ನೂ ಬಾಕಿ ಇದೆ, ಹೊಸ ಉತ್ಪನ್ನದ ಲೆಕ್ಕ ನಿಲ್ಲುವುದೂ ಬೀಳುವುದೂ ಅಲ್ಲೇ. ಪ್ರಶ್ನಾವಳಿಯಲ್ಲಿ ಶೇಕಡಾ 15 ಜನ ‘ರಾಗಿ ಹಿಟ್ಟು ಸಿಕ್ಕರೆ ಕೊಳ್ಳುತ್ತೇವೆ’ ಎಂದಿದ್ದರು. ರಾಗಿ ಎಂದ ಕೂಡಲೇ ಮಧುಮೇಹ, ಆರೋಗ್ಯ, ಅಜ್ಜಿಯ ಮನೆ ಎಲ್ಲ ನೆನಪಾಗುವ ಊರು ಇದು. ಬೇಡ ಎನ್ನಲು ಜನರಿಗೆ ಸಂಕೋಚ. ಅದರಲ್ಲೂ ಎದುರಿಗೆ ನಿಂತು ಕೇಳುತ್ತಿರುವವರು ಕಾಲೇಜು ಮಕ್ಕಳಾದರೆ ‘ಕೊಳ್ಳುತ್ತೇವೆ ಬಿಡಪ್ಪ’ ಎಂದು ಹರಸಿಯೇ ಕಳುಹಿಸುತ್ತಾರೆ. ಕೊಳ್ಳುತ್ತೇವೆ ಎಂದವರೆಲ್ಲ ಕೊಳ್ಳುವುದಿಲ್ಲ ಎಂಬುದು ಮಾರುಕಟ್ಟೆ ಸಂಶೋಧನೆಯಲ್ಲಿ ಹಳೆಯ ಅನುಭವ.

ಇದನ್ನು ಪರೀಕ್ಷಿಸಲು ಮತ್ತೆ ಫ್ರಿಜ್ ಬಳಿಗೇ ಹೋಗಬೇಕು. ರಾಗಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಈಗಾಗಲೇ ಇಟ್ಟಿರುವ ಅಂಗಡಿಗಳನ್ನು ಹುಡುಕಿ. ಅಲ್ಲಿ ಮಾರಾಟವಾದ ಪ್ರತಿ 100 ಪೊಟ್ಟಣಗಳಲ್ಲಿ ಎಷ್ಟು ರಾಗಿಯದು? ಏಳು ಎಂದುಕೊಳ್ಳೋಣ. ಅಲ್ಲಿ ಗ್ರಾಹಕರ ಮುಂದೆ ಎರಡೂ ಇವೆ, ಬೆಲೆಯೂ ಕಾಣುತ್ತಿದೆ, ದುಡ್ಡು ಅವರ ಜೇಬಿನದು. ಹಾಗಾಗಿ ಬಾಯಿಮಾತಿನ 15ಕ್ಕಿಂತ ಈ ಏಳನ್ನು ನಾನು ಹೆಚ್ಚು ನಂಬುತ್ತೇನೆ. ಆದರೂ ಒಂದು ಎಚ್ಚರಿಕೆ ಇದೆ. ರಾಗಿ ಹಿಟ್ಟನ್ನು ಇಟ್ಟಿರುವ ಅಂಗಡಿಗಳು ಅದಕ್ಕೆ ಗಿರಾಕಿ ಇರುವ ಬಡಾವಣೆಗಳಲ್ಲೇ ಇರುವ ಸಂಭವ ಹೆಚ್ಚು. ಊರಿಗೆಲ್ಲ ಏಳು ಎಂದು ಹಿಡಿದರೆ ಅದೂ ಸ್ವಲ್ಪ ಉದಾರವೇ.

ಈಗ ಕೆಳಗಿನ ಮಿತಿ, ಮೇಲಿನ ಮಿತಿ ಎರಡನ್ನೂ ಹಾಕಬಹುದು. ಪೊಟ್ಟಣದ ಹಿಟ್ಟು ಕೊಳ್ಳುವವರು ಮಾತ್ರ ರಾಗಿಗೆ ಬರುತ್ತಾರೆ ಎಂದರೆ 17,550ರಲ್ಲಿ ಶೇಕಡಾ 7, ವಾರಕ್ಕೆ ಸುಮಾರು 1,230 ಕಿಲೋ. ಬಿಡಿ ಹಿಟ್ಟು ಕೊಳ್ಳುವವರೂ ಅಷ್ಟೇ ಪ್ರಮಾಣದಲ್ಲಿ ಬರುತ್ತಾರೆ ಎಂದರೆ 46,200ರಲ್ಲಿ ಶೇಕಡಾ 7, ಸುಮಾರು 3,200 ಕಿಲೋ. ಗ್ರಾಹಕರ ಬೆಲೆಯಲ್ಲಿ ವರ್ಷಕ್ಕೆ 58 ಲಕ್ಷದಿಂದ ಒಂದೂವರೆ ಕೋಟಿ. ಮಡಚಿಟ್ಟ ಹಾಳೆಯಲ್ಲಿದ್ದದ್ದು 4.6 ಕೋಟಿ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಈ ವ್ಯಾಪಾರದಲ್ಲಿ ಇವತ್ತು ದೊಡ್ಡ ಹೆಸರಾಗಿರುವ ಐಡಿ ಫ್ರೆಶ್ 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಬೆರಳೆಣಿಕೆಯ ಅಂಗಡಿಗಳಿಗೆ ಹಿಟ್ಟು ಕೊಡುತ್ತಿತ್ತು. ಅಂಗಡಿಗೆ ದಿನಕ್ಕೆ ಇಷ್ಟು ಪೊಟ್ಟಣ ಎಂಬುದೇ ಇಂಥ ವ್ಯಾಪಾರದ ಮೂಲ ಮಾನ. ನೀವು ಮುಂದೆ ಈ ಕ್ಷೇತ್ರದಲ್ಲಿ ಕೆಲಸ ಮಾಡಿದರೆ ಶೇಕಡಾವಾರುಗಳ ಮಾತು ಸಭೆಗಳಲ್ಲಿ ಕೇಳಿಬರುತ್ತದೆ, ವ್ಯಾನ್ ಹೊರಡುವ ಹೊತ್ತಿಗೆ ಎಲ್ಲರೂ ಅಂಗಡಿಗೆಷ್ಟು ಎಂಬ ಲೆಕ್ಕಕ್ಕೇ ಬರುತ್ತಾರೆ.

ಯಾವ ಮೆಟ್ಟಿಲಿಗೆ ಎಷ್ಟು ಸಮಯ ಕೊಡಬೇಕು ಎಂಬುದನ್ನೂ ಹೇಳಬೇಕು. ಜನಸಂಖ್ಯೆ 11 ಲಕ್ಷವೋ 12 ಲಕ್ಷವೋ ಎಂದು ಹುಡುಕುತ್ತಾ ತಂಡಗಳು ದಿನಗಟ್ಟಲೆ ಕಳೆಯುತ್ತವೆ. ಅದು ಬದಲಾದರೆ ಉತ್ತರ ಶೇಕಡಾ 9ರಷ್ಟು ಮಾತ್ರ ಬದಲಾಗುತ್ತದೆ. ರಾಗಿಯ ಪಾಲು 15ರಿಂದ 7ಕ್ಕೆ ಇಳಿದಾಗ ಉತ್ತರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬಿಡಿ ಹಿಟ್ಟಿನವರು ಬರುತ್ತಾರೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಉತ್ತರವನ್ನು ಎರಡೂವರೆ ಪಟ್ಟು ಬದಲಿಸುತ್ತದೆ. ಪ್ರತಿ ಊಹೆಯನ್ನೂ ಒಂದೊಂದಾಗಿ ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ ನೋಡಿ. ಉತ್ತರ ಹೆಚ್ಚು ಅಲುಗಾಡುವ ಕಡೆ ನಿಮ್ಮ ಶನಿವಾರ ಭಾನುವಾರಗಳನ್ನು ಹಾಕಿ. ಅಲುಗಾಡದ ಕಡೆ ಸುಮಾರು ಎಂದು ಬರೆದು ಮುಂದೆ ಹೋಗಿ.

ಕೊನೆಯದಾಗಿ, ಈ 58 ಲಕ್ಷದಿಂದ ಒಂದೂವರೆ ಕೋಟಿ ಎಂಬುದು ಮಾರುಕಟ್ಟೆಯ ಸಾಮರ್ಥ್ಯ. ನಿಮ್ಮ ಕಂಪನಿಯ ಮಾರಾಟದ ಅಂದಾಜು ಅಲ್ಲ. ಈ ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿದ ವರದಿಗಳು ಬರುತ್ತವೆ: ಮೇಲಿನ ಲೆಕ್ಕ ಇಡೀ ಊರಿನದು, ಕೆಳಗಿನ ಲೆಕ್ಕ ‘ನಾವು ಮೊದಲ ವರ್ಷ 40 ಅಂಗಡಿಗೆ ಕೊಡುತ್ತೇವೆ’ ಎಂಬುದು. ಅವೆರಡನ್ನು ಹೋಲಿಸಿ ಅಂತರ ಏಕೆ ಬಂತು ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ. ಒಂದು ಮಾರುಕಟ್ಟೆ, ಇನ್ನೊಂದು ನಿಮ್ಮ ವ್ಯಾನಿನ ಅಳವು. ಸಾಮರ್ಥ್ಯವನ್ನು ಮೊದಲು ಮುಗಿಸಿ. ಆಮೇಲೆ ಬೇರೆ ಪುಟದಲ್ಲಿ ಅಂಗಡಿಯವರ ಲಾಭಾಂಶ ಕಳೆಯಿರಿ. ಅದು ಶೇಕಡಾ 20 ಎಂದು ಹಿಡಿದರೆ 90 ರೂಪಾಯಿಯಲ್ಲಿ ನಿಮಗೆ ಬರುವುದು 72. ವಾಪಸ್ ಬರುವ ಪೊಟ್ಟಣಗಳ ನಷ್ಟವನ್ನು ಅದರಿಂದ ಕಳೆಯಿರಿ, ಇತರ ಬ್ರಾಂಡ್‌ಗಳ ಪಾಲನ್ನು ಬಿಡಿ, ಮೊದಲ ವರ್ಷ ತಲುಪಬಲ್ಲ ಅಂಗಡಿಗಳಿಗೆ ಮಾತ್ರ ಸೀಮಿತಗೊಳಿಸಿ. ಆ ಪುಟದಲ್ಲಿ ಕೊನೆಗೆ ಉಳಿಯುವ ಮೊತ್ತವನ್ನು ಗ್ರೈಂಡರ್, ಫ್ರಿಜ್ ಇರುವ ವ್ಯಾನ್ ಮತ್ತು ಇಬ್ಬರು ಕೆಲಸಗಾರರ ವರ್ಷದ ಖರ್ಚಿನ ಪಕ್ಕದಲ್ಲಿ ಬರೆಯಿರಿ. ಕಡಿಮೆ ಮಿತಿಯ ಲೆಕ್ಕದಲ್ಲಿ ಖರ್ಚು ಹುಟ್ಟದೆ, ಹೆಚ್ಚು ಮಿತಿಯ ಲೆಕ್ಕದಲ್ಲಿ ಮಾತ್ರ ಹುಟ್ಟುವುದಾದರೆ, ಮುಂದಿನ ಎಣಿಕೆಗೆ ಹೋಗಬೇಕಾದದ್ದು ಗ್ರೈಂಡರ್ ಮನೆಗಳ ಮುಂದೆ ಡಬ್ಬಿ ಹಿಡಿದು ನಿಂತವರ ಬಳಿಗೆ. ಅವರಲ್ಲಿ ಹತ್ತು ಮನೆಗಳಿಗೆ ಒಂದು ವಾರ ರಾಗಿ ಹಿಟ್ಟನ್ನು ಪೂರ್ತಿ ಬೆಲೆಗೆ ಮಾರಿ ನೋಡಿ, ಮುಂದಿನ ವಾರ ಎಷ್ಟು ಮನೆಗಳು ಮತ್ತೆ ಕೇಳುತ್ತವೆ ಎಂದು ಬರೆದುಕೊಳ್ಳಿ.